ಮನೆಯ ನೀರಿನ ತೊಟ್ಟಿ: ಸಂಗ್ರಹ, ಹರಿವು ಮತ್ತು ಹಿಮ್ಮಾಹಿತಿಯ ಚಿತ್ರ

ಮಳೆಗಾಲ ಬಂತೆಂದರೆ ಕನ್ನಡ ದಿನಪತ್ರಿಕೆಗಳ ಒಂದು ಮೂಲೆಯಲ್ಲಿ ಜಲಾಶಯಗಳ ಪಟ್ಟಿ ಕಾಣಿಸಿಕೊಳ್ಳುತ್ತದೆ. ಇಂದಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಎಂಬ ಶೀರ್ಷಿಕೆಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಸಂಗ್ರಹವನ್ನು ಟಿಎಂಸಿಯಲ್ಲಿಯೂ ಹರಿವನ್ನು ಕ್ಯುಸೆಕ್‌ನಲ್ಲಿಯೂ ಕೊಡಲಾಗುತ್ತದೆ. ಓದುಗರಲ್ಲಿ ಹಲವರು ಇವೆರಡನ್ನೂ 'ನೀರಿನ ಲೆಕ್ಕ' ಎಂದು ಒಂದೇ ಗಂಟಿಗೆ ಕಟ್ಟಿಬಿಡುತ್ತಾರೆ. ಆದರೆ ಅವು ಒಂದೇ ಜಾತಿಯ ಅಳತೆಗಳಲ್ಲ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು, ಅದೊಂದು ಪ್ರಮಾಣ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದೊಂದು ವೇಗ. ಸುಮಾರು 11,574 ಕ್ಯುಸೆಕ್ ನೀರು ಇಡೀ ಒಂದು ದಿನ ಹರಿದರೆ ಮಾತ್ರ ಒಂದು ಟಿಎಂಸಿ ಆಗುತ್ತದೆ. ನಡುವೆ 'ಒಂದು ದಿನ' ಎಂಬ ಕಾಲ ಸೇರದೆ ಒಂದು ಇನ್ನೊಂದಾಗಿ ಬದಲಾಗದು.

ಈ ವ್ಯತ್ಯಾಸವನ್ನು ಗೆರೆಗಳಲ್ಲಿ ತೋರಿಸುವ ಪದ್ಧತಿಯೇ ಸಂಗ್ರಹ-ಹರಿವಿನ ಚಿತ್ರ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಜೇ ಫಾರೆಸ್ಟರ್ ಇದನ್ನು ರೂಪಿಸಿ, 1961ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕಾರ್ಖಾನೆಗಳ ದಾಸ್ತಾನು, ಬೇಡಿಕೆಗಳ ಏರಿಳಿತವನ್ನು ವಿವರಿಸಲು ಬಳಸಿದರು. ಮುಂದೆ ಡೊನೆಲ್ಲಾ ಮೆಡೋಸ್ ಇದನ್ನು ಸಾಮಾನ್ಯ ಓದುಗರಿಗೆ ಪರಿಚಯಿಸುವಾಗ ಸ್ನಾನದ ತೊಟ್ಟಿಯ ಉದಾಹರಣೆಯನ್ನು ಹಿಡಿದರು. ನಮ್ಮ ಕಡೆಯ ಮನೆಗಳಲ್ಲಿ ಸ್ನಾನಕ್ಕೆ ಮಲಗುವ ತೊಟ್ಟಿ ಅಪರೂಪ. ನೀರು ಕೂಡಿಡುವ ತೊಟ್ಟಿಯಂತೂ ಇಲ್ಲದ ಮನೆಯೇ ಇಲ್ಲ. ಆದ್ದರಿಂದ ಸೊಲ್ಲಾಪುರದ ಒಂದು ಸಾಧಾರಣ ಮನೆಯನ್ನು ಕಲ್ಪಿಸಿಕೊಳ್ಳುವುದು ಲೇಸು. ಆ ಊರಿನಲ್ಲಿ ನಳದ ನೀರು ದಿನವೂ ಬರುವುದಿಲ್ಲ. ಕೆಲವು ದಿನಗಳಿಗೊಮ್ಮೆ, ಕೆಲವು ತಾಸು ಮಾತ್ರ ಬರುತ್ತದೆ. ಬಂದ ನೀರು ನೆಲದೊಳಗಿನ ಹೌದಕ್ಕೆ ಬೀಳುತ್ತದೆ. ಅಲ್ಲಿಂದ ಮೋಟಾರು ಅದನ್ನು ಮಾಳಿಗೆಯ ಮೇಲಿನ ಟಾಕಿಗೆ ಏರಿಸುತ್ತದೆ. ಟಾಕಿಯಿಂದ ಅಡುಗೆಮನೆ, ಬಚ್ಚಲು, ಶೌಚಾಲಯಗಳಿಗೆ ಇಳಿಯುತ್ತದೆ.

ಈ ಮನೆಯ ಚಿತ್ರದಲ್ಲಿ ಬರುವ ಗುರುತುಗಳು ನಾಲ್ಕೇ. ಸಂಗ್ರಹಕ್ಕೆ ಒಂದು ಚೌಕ. ಹರಿವಿಗೆ ಕೊಳವೆಯಂತೆ ಕಾಣುವ ಜೋಡಿಗೆರೆಯ ಬಾಣ, ಅದರ ನಡುವೆ ಹರಿವನ್ನು ಹೆಚ್ಚು ಕಡಿಮೆ ಮಾಡುವ ಒಂದು ಕವಾಟ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಈ ಚಿತ್ರದಲ್ಲಿ ವಿಚಾರಿಸಬೇಕಾಗಿಲ್ಲ ಎನ್ನುವ ಕಡೆ ಒಂದು ಮೋಡ. ಕೊನೆಯದು ಒಂಟಿಗೆರೆಯ ತೆಳುಬಾಣ. ಅದರಲ್ಲಿ ನೀರು ಹರಿಯುವುದಿಲ್ಲ, ಸುದ್ದಿ ಮಾತ್ರ ಸಾಗುತ್ತದೆ. ತೆಳುಬಾಣಗಳನ್ನು ಸದ್ಯಕ್ಕೆ ಬದಿಗಿಟ್ಟರೆ ಮನೆಯ ಚಿತ್ರ ಹೀಗಿರುತ್ತದೆ:

```
(ಮೋಡ) ==ನಳ==> [ಹೌದ] ==ಮೋಟಾರು==> [ಟಾಕಿ] ==ಬಳಕೆ==> (ಮೋಡ)
```

ಯಾವುದು ಚೌಕ, ಯಾವುದು ಬಾಣ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಕಾಲವನ್ನು ಒಂದು ಕ್ಷಣ ನಿಲ್ಲಿಸಿ ಮನೆಯ ಛಾಯಾಚಿತ್ರ ತೆಗೆದಂತೆ ಭಾವಿಸಬೇಕು. ಆ ಚಿತ್ರದಲ್ಲಿಯೂ ಅಳೆಯಲು ಸಿಗುವುದು ಸಂಗ್ರಹ. ಕಾಲ ನಿಂತೊಡನೆ ಅರ್ಥ ಕಳೆದುಕೊಳ್ಳುವುದು ಹರಿವು. ಕನ್ನಡದ ವಿದ್ಯಾರ್ಥಿಗಳಿಗೆ ಇದರ ಸುಳಿವು ಕ್ರಿಯಾಪದದಲ್ಲಿಯೇ ದೊರೆಯುತ್ತದೆ. 'ಟಾಕಿಯಲ್ಲಿ ಎಷ್ಟಿದೆ?' ಎಂದು ಕೇಳುವಂಥದು ಸಂಗ್ರಹ. 'ನಿಮಿಷಕ್ಕೆ ಎಷ್ಟು ಬರುತ್ತಿದೆ?' ಎಂದು ಕೇಳುವಂಥದು ಹರಿವು. 'ಇರು' ಎಂಬ ಧಾತು ಒಂದಕ್ಕೆ, 'ಬರು, ಹೋಗು' ಎಂಬ ಧಾತುಗಳು ಇನ್ನೊಂದಕ್ಕೆ. ಆಡುಮಾತು ಇದನ್ನು ಯಾವಾಗಲೂ ಕಾಪಾಡುವುದಿಲ್ಲವೆಂಬುದೂ ನಿಜ. 'ಈ ಸಲ ನೀರು ಕಡಿಮೆ' ಎಂಬ ವಾಕ್ಯದಲ್ಲಿ ಕಡಿಮೆಯಾದದ್ದು ಹೌದದ ನೀರೋ ನಳದ ಧಾರೆಯೋ ತಿಳಿಯುವುದಿಲ್ಲ. ಚಿತ್ರ ಬರೆಯಲು ಕುಳಿತವರು ಮೊದಲು ಬಿಡಿಸಬೇಕಾದ ಗಂಟು ಇದು.

ಚೌಕದ ನಿಯಮ ಒಂದೇ: ಅದು ತನ್ನ ಬಾಣಗಳ ಮೂಲಕವಲ್ಲದೆ ಬೇರಾವ ರೀತಿಯಲ್ಲಿಯೂ ಬದಲಾಗದು. ಈಗಿನ ನೀರಿಗೆ ಬಂದದ್ದನ್ನು ಕೂಡಿಸಿ ಹೋದದ್ದನ್ನು ಕಳೆದರೆ ಮುಂದಿನ ಕ್ಷಣದ ನೀರು. ಇದು ಎಳೆಯ ಮಕ್ಕಳ ಲೆಕ್ಕದಂತೆ ತೋರುತ್ತದೆ. ಆದರೂ ಬುದ್ಧಿ ಇಲ್ಲಿ ಜಾರುತ್ತದೆ. ಲಿಂಡಾ ಬೂತ್ ಸ್ವೀನಿ ಮತ್ತು ಜಾನ್ ಸ್ಟರ್ಮನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಾರೆಸ್ಟರ್ ಅವರ ಸಂಸ್ಥೆಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೇ ತೊಟ್ಟಿಯ ಒಳಹರಿವು ಹೊರಹರಿವುಗಳ ನಕ್ಷೆ ಕೊಟ್ಟು ನೀರಿನ ಮಟ್ಟವನ್ನು ಬಿಡಿಸಲು ಹೇಳಲಾಗಿತ್ತು. ಗಣಿತದಲ್ಲಿ ಪಳಗಿದ ಆ ವಿದ್ಯಾರ್ಥಿಗಳಲ್ಲಿಯೂ ಅನೇಕರು ತಪ್ಪಿದರು. ಅಂಥ ತಪ್ಪುಗಳಲ್ಲಿ ಒಂದು ಬಹಳ ಸಹಜವಾದದ್ದು. ಒಳಹರಿವು ಏರಿದಾಗ ಮಟ್ಟವೂ ಏರಬೇಕು, ಅದು ಇಳಿದೊಡನೆ ಮಟ್ಟವೂ ಇಳಿಯಬೇಕು ಎಂದು ಮನಸ್ಸು ಊಹಿಸಿಕೊಳ್ಳುತ್ತದೆ.

ಸೊಲ್ಲಾಪುರದ ಮನೆಯ ಒಂದು ಬೆಳಗನ್ನು ಲೆಕ್ಕ ಹಾಕಿದರೆ ಈ ಊಹೆ ಮುರಿಯುತ್ತದೆ. ಟಾಕಿಯ ಗಾತ್ರ 1,000 ಲೀಟರ್. ಆರು ಗಂಟೆಗೆ ಅದರಲ್ಲಿ 200 ಲೀಟರ್ ಇದೆ. ಆಗ ಮೋಟಾರು ಹಚ್ಚುತ್ತಾರೆ. ಅದು ನಿಮಿಷಕ್ಕೆ 25 ಲೀಟರ್ ಏರಿಸುತ್ತದೆ. ಮೊದಲ ಅರ್ಧ ತಾಸು ಬಳಕೆ ನಿಮಿಷಕ್ಕೆ 5 ಲೀಟರ್ ಮಾತ್ರ. ಆದ್ದರಿಂದ ನಿಮಿಷಕ್ಕೆ 20ರಂತೆ ಕೂಡುತ್ತಾ ಆರೂವರೆಗೆ 800 ಲೀಟರ್ ಆಗುತ್ತದೆ. ಅಷ್ಟರಲ್ಲಿ ಸ್ನಾನ, ಪಾತ್ರೆ, ಬಟ್ಟೆ ಎಲ್ಲವೂ ಒಟ್ಟಿಗೆ ಶುರುವಾಗಿ ಬಳಕೆ 30 ಲೀಟರಿಗೆ ಏರುತ್ತದೆ. ಮೋಟಾರು ಮೊದಲಿನಂತೆಯೇ ಓಡುತ್ತಿದೆ. ಆದರೂ ಏಳು ಗಂಟೆಗೆ ಟಾಕಿಯಲ್ಲಿ ಉಳಿದಿರುವುದು 650 ಲೀಟರ್. ಈ ಹೊತ್ತಿನಲ್ಲಿ ಮೇಲೆ ಹೋಗಿ ಇಣುಕಿದವರು ಮೋಟಾರು ಕೆಟ್ಟಿತೆಂದೇ ತಿಳಿಯುತ್ತಾರೆ. ಏಳರ ನಂತರ ವಿದ್ಯುತ್ತಿನ ವೋಲ್ಟೇಜು ಕುಸಿದು ಮೋಟಾರು 20 ಲೀಟರ್ ಮಾತ್ರ ಎತ್ತುತ್ತದೆ. ಬಳಕೆಯೂ 10ಕ್ಕೆ ಇಳಿದಿದೆ. ಏಳೂವರೆಗೆ ಟಾಕಿ 950ಕ್ಕೆ ಬಂದಿದೆ. ಮೋಟಾರು ಚೆನ್ನಾಗಿ ಓಡುತ್ತಿದ್ದಾಗ ಮಟ್ಟ ಇಳಿಯಿತು, ಅದು ಸೊರಗಿದಾಗ ಮಟ್ಟ ಏರಿತು. ಮಟ್ಟದ ದಿಕ್ಕನ್ನು ನಿರ್ಧರಿಸುವುದು ಒಳಹರಿವೊಂದೇ ಅಲ್ಲ, ಎರಡು ಹರಿವುಗಳ ಅಂತರ.

ಚಿತ್ರದಲ್ಲಿ ಮೋಟಾರಿನ ಬಾಣವನ್ನು ಮತ್ತೊಮ್ಮೆ ನೋಡಬೇಕು. ಅದು ಟಾಕಿಗೆ ಒಳಹರಿವು, ಹೌದಕ್ಕೆ ಹೊರಹರಿವು. ಮೋಟಾರು ನೀರನ್ನು ಹುಟ್ಟಿಸುವುದಿಲ್ಲ, ಜಾಗ ಬದಲಿಸುತ್ತದೆ. ತುಂಬಿದ ಟಾಕಿಯನ್ನು ನೋಡಿ ನೆಮ್ಮದಿಯಿಂದಿರುವ ಮನೆಯವರು ಎರಡು ಚೌಕಗಳಲ್ಲಿ ಒಂದನ್ನಷ್ಟೇ ಓದುತ್ತಿರುತ್ತಾರೆ. ಮನೆಗೆ ಇನ್ನೆಷ್ಟು ದಿನದ ನೀರಿದೆ ಎಂದು ತಿಳಿಯಲು ಎರಡನ್ನೂ ಕೂಡಿಸಬೇಕು. ಆಗ ಮೋಟಾರಿನ ಬಾಣ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಹಾಗೆ ಕೂಡಿಸಿದ ಲೆಕ್ಕವೊಂದು ಇಲ್ಲಿದೆ. ಮನೆಯಲ್ಲಿ ಐದು ಜನ, ದಿನದ ಬಳಕೆ 600 ಲೀಟರ್. ನಗರಗಳಿಗೆ ಸಾಮಾನ್ಯವಾಗಿ ಹೇಳುವ ತಲೆಗೆ 135 ಲೀಟರಿನ ಮಾನದಂಡಕ್ಕಿಂತ ಇದು ಸ್ವಲ್ಪ ಕಡಿಮೆ. ನಳ ನಾಲ್ಕು ದಿನಕ್ಕೊಮ್ಮೆ ಎರಡು ತಾಸು ಬರುತ್ತದೆ, ನಿಮಿಷಕ್ಕೆ 20 ಲೀಟರಿನಂತೆ. ಅಂದರೆ ಸರದಿಗೆ 2,400 ಲೀಟರ್. ನಾಲ್ಕು ದಿನದ ಬಳಕೆಯೂ ಅಷ್ಟೇ. ಹೌದದ ಗಾತ್ರ 3,000 ಲೀಟರ್, ಟಾಕಿಯದು 1,000. ನೀರು ಬಂದು ನಿಂತಾಗ ಎರಡರಲ್ಲಿಯೂ ಸೇರಿ 3,600 ಇರುತ್ತದೆ, ಮುಂದಿನ ಸರದಿಯ ಹೊತ್ತಿಗೆ 1,200ಕ್ಕೆ ಇಳಿದಿರುತ್ತದೆ, ಮತ್ತೆ 3,600 ಆಗುತ್ತದೆ. ಏರಿಳಿತವಿದ್ದರೂ ಸರದಿಯಿಂದ ಸರದಿಗೆ ಏನೂ ಬದಲಾಗುವುದಿಲ್ಲ.

ಈಗ ಶೌಚಾಲಯದ ಫ್ಲಶ್ ತೊಟ್ಟಿಯ ರಬ್ಬರು ಸವೆದು, ನಿಮಿಷಕ್ಕೆ 50 ಮಿಲಿಲೀಟರ್ ನೀರು ಸದ್ದಿಲ್ಲದೆ ಜಾರುತ್ತಿದೆಯೆಂದು ಇಟ್ಟುಕೊಳ್ಳಬೇಕು. ಅದು ನಿಮಿಷಕ್ಕೆ ಅರ್ಧ ಕಪ್ಪು ಚಹಾದಷ್ಟು. ದಿನಕ್ಕೆ 72 ಲೀಟರ್, ನಾಲ್ಕು ದಿನಕ್ಕೆ 288 ಲೀಟರ್. ನೀರು ಬಂದ ದಿನವೇ ಸೋರಿಕೆ ಶುರುವಾಯಿತೆಂದರೆ ಮೊದಲ ಸರದಿಯ ಕೊನೆಗೆ 1,200ರ ಬದಲು 912 ಉಳಿಯುತ್ತದೆ. ಯಾರೂ ಗಮನಿಸುವುದಿಲ್ಲ. ಎರಡನೆಯ ಸರದಿಯ ಕೊನೆಗೆ 624, ಮೂರನೆಯದರಲ್ಲಿ 336, ನಾಲ್ಕನೆಯದರಲ್ಲಿ 48. ಐದನೆಯ ಸಲ ನೀರು ಬಂದಾಗ ಒಟ್ಟು 2,448 ಆಗುತ್ತದೆ. ಆದರೆ ಬಳಕೆ ಮತ್ತು ಸೋರಿಕೆ ಸೇರಿ ಬೇಕಾಗಿರುವುದು 2,688. ಸೋರಿಕೆ ಆರಂಭವಾದ ಇಪ್ಪತ್ತನೆಯ ದಿನ, ಮುಂದಿನ ಸರದಿಗೆ ಕೆಲವೇ ತಾಸುಗಳಿರುವಾಗ, ಮನೆಯ ನಳಗಳು ಒಣಗುತ್ತವೆ.

ಮನೆಯವರು ಆ ದಿನ ಏನು ಹೇಳುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ. 'ಈ ಸಲ ನೀರು ಕಡಿಮೆ ಬಿಟ್ಟರು' ಎನ್ನುತ್ತಾರೆ. ಇಲ್ಲವೆ ಹಿಂದಿನ ದಿನ ಹಾಸಿಗೆ ಒಗೆದವರ ಮೇಲೆ ತಪ್ಪು ಹೊರಿಸುತ್ತಾರೆ. ನೀರು ಎಂದಿನಷ್ಟೇ ಬಂದಿದೆ, ಬಳಕೆಯೂ ಎಂದಿನಷ್ಟೇ. ಕಾರಣ ಇಪ್ಪತ್ತು ದಿನ ಹಳೆಯದು. ಸಂಗ್ರಹವೆಂಬುದು ಹಿಂದಿನ ಹರಿವುಗಳ ಕೂಡಿಟ್ಟ ನೆನಪು. ಕೊರತೆಯನ್ನು ಅದು ಸ್ವಲ್ಪ ಕಾಲ ತಡೆದು ಹಿಡಿಯುತ್ತದೆ. ತಡೆದು ಹಿಡಿಯುವ ಆ ಗುಣದಿಂದಲೇ ಕಾರಣ ಮತ್ತು ಪರಿಣಾಮಗಳ ನಡುವೆ ಅಂತರ ಬೆಳೆದು ನಿಜವಾದ ಕಾರಣ ಕಣ್ಮರೆಯಾಗುತ್ತದೆ.

ಸೋರಿಕೆಯನ್ನು ಪತ್ತೆ ಹಚ್ಚುವ ದಾರಿಯೂ ಚಿತ್ರದಲ್ಲಿಯೇ ಇದೆ. ಒಂದು ಚೌಕದ ತಿಳಿದಿರುವ ಬಾಣಗಳನ್ನೆಲ್ಲ ಮುಚ್ಚಿದ ಮೇಲೂ ಮಟ್ಟ ಇಳಿದರೆ ಅಲ್ಲಿ ತಿಳಿಯದ ಇನ್ನೊಂದು ಬಾಣವಿದೆ ಎಂದರ್ಥ. ರಾತ್ರಿ ಹತ್ತಕ್ಕೆ ಮೋಟಾರು ನಿಲ್ಲಿಸಿ, ಎಲ್ಲ ನಳಗಳನ್ನು ಬಿಗಿದು, ಟಾಕಿಯೊಳಗೆ ಒಂದು ಕೋಲಿಳಿಸಿ ಮಟ್ಟವನ್ನು ಗುರುತು ಮಾಡಬೇಕು. ಬೆಳಿಗ್ಗೆ ಆರಕ್ಕೆ, ಯಾರೂ ನೀರು ಮುಟ್ಟುವ ಮೊದಲು, ಮತ್ತೆ ಅಳೆಯಬೇಕು. ಮೇಲಿನ ಸೋರಿಕೆ ಎಂಟು ತಾಸಿನಲ್ಲಿ 24 ಲೀಟರ್ ತೆಗೆದುಕೊಳ್ಳುತ್ತದೆ. ಟಾಕಿಯ ಒಳವ್ಯಾಸ ಒಂದು ಮೀಟರ್ ಇದ್ದರೆ ಮಟ್ಟ ಸುಮಾರು 3 ಸೆಂಟಿಮೀಟರ್ ಇಳಿದಿರುತ್ತದೆ. ಕೋಲಿನ ಮೇಲೆ ಅದು ಸ್ಪಷ್ಟವಾಗಿ ಕಾಣುತ್ತದೆ. ಟಾಕಿ ಇಳಿಯದೆ ಹೌದದ ಮಟ್ಟ ಇಳಿದಿದ್ದರೆ ಬಿರುಕು ಹೌದದ ಗೋಡೆಯಲ್ಲಿದೆ. ಎರಡು ಚೌಕಗಳನ್ನು ಬೇರೆಯಾಗಿ ಬರೆದದ್ದರ ಪ್ರಯೋಜನ ಇಲ್ಲಿ ತಿಳಿಯುತ್ತದೆ.

ಇನ್ನು ತೆಳುಬಾಣಗಳ ಮಾತು. ಸಂಗ್ರಹದ ಸ್ಥಿತಿಯ ಸುದ್ದಿ ಹಿಂದಕ್ಕೆ ಹೋಗಿ ಅದೇ ಸಂಗ್ರಹದ ಹರಿವನ್ನು ಬದಲಿಸಿದರೆ ಅದು ಹಿಮ್ಮಾಹಿತಿ. ಹಿಂದಕ್ಕೆ ಮರಳುವ ಮಾಹಿತಿ ಎಂಬುದು ಪದದ ರಚನೆಯಲ್ಲಿಯೇ ಇದೆ. ಇಂಗ್ಲಿಷಿನ ಫೀಡ್‌ಬ್ಯಾಕ್ ಎಂಬ ಮಾತು ಈಗ ಅಭಿಪ್ರಾಯ ಕೇಳುವ ನಮೂನೆಗಳಲ್ಲಿ ಸವೆದುಹೋಗಿರುವುದರಿಂದ ಕನ್ನಡದ ಪದವೇ ಇಲ್ಲಿ ಹೆಚ್ಚು ಸ್ಪಷ್ಟ. ಹೌದಕ್ಕೆ ನೀರು ಬೀಳುವ ಬಾಯಲ್ಲಿ ಚೆಂಡಿನ ಕವಾಟವೊಂದಿರುತ್ತದೆ. ನೀರು ಏರಿದಂತೆ ಟೊಳ್ಳು ಚೆಂಡು ಏರುತ್ತದೆ, ಅದಕ್ಕೆ ಕೂಡಿಸಿದ ಸಲಾಕೆ ಕವಾಟವನ್ನು ಒತ್ತುತ್ತದೆ, ಧಾರೆ ಸಣ್ಣದಾಗಿ ಕೊನೆಗೆ ನಿಲ್ಲುತ್ತದೆ. ಮಟ್ಟ ಏರಿದಷ್ಟೂ ಒಳಹರಿವು ತಗ್ಗುವುದರಿಂದ ಇದು ಸಮತೋಲಕ ಹಿಮ್ಮಾಹಿತಿ. ಚೆಂಡು ಅಳತೆಗಾರನೂ ಹೌದು, ಸುದ್ದಿಗಾರನೂ ಹೌದು, ಕೆಲಸಗಾರನೂ ಹೌದು.

ಮಾಳಿಗೆಯ ಟಾಕಿಗೆ ಇದೇ ಕವಾಟವನ್ನು ಹಾಕಿದರೆ ತೊಂದರೆ. ಕವಾಟ ಮುಚ್ಚಿದರೂ ಕೆಳಗೆ ಮೋಟಾರು ಓಡುತ್ತಲೇ ಇದ್ದು ಕೊಳವೆಯ ಮೇಲೆ ಒತ್ತಡ ಬೀಳುತ್ತದೆ, ಮೋಟಾರು ಕಾಯುತ್ತದೆ. ಅಲ್ಲಿ ಬೇಕಾಗಿರುವುದು ಮಟ್ಟದ ಸುದ್ದಿಯನ್ನು ಮೋಟಾರಿನ ಸ್ವಿಚ್ಚಿಗೆ ಮುಟ್ಟಿಸುವ ತೆಳುಬಾಣ. ತಂತಿಗೆ ಕಟ್ಟಿದ ತೇಲುವ ಸ್ವಿಚ್ಚು ಆ ಕೆಲಸ ಮಾಡುತ್ತದೆ. ಅದಕ್ಕೆ ಎರಡು ಗುರುತುಗಳಿರಬೇಕು: ಇಷ್ಟಕ್ಕಿಳಿದಾಗ ಹಚ್ಚು, ಇಷ್ಟಕ್ಕೇರಿದಾಗ ಆರಿಸು. ಎರಡೂ ಗುರುತು ಒಂದೇ ಆಗಿದ್ದರೆ ಒಂದು ಬಿಂದಿಗೆ ನೀರು ಖರ್ಚಾದಾಗಲೆಲ್ಲ ಮೋಟಾರು ಹೊತ್ತಿ ಆರುತ್ತದೆ. ಆದರೂ ಈ ಚಿತ್ರ ಅಪೂರ್ಣ. ಟಾಕಿ ಖಾಲಿಯೆಂಬ ಸುದ್ದಿ ಮೋಟಾರಿಗೆ ತಲುಪಿತು. ಹೌದ ಖಾಲಿಯೆಂಬ ಸುದ್ದಿ ತಲುಪಲಿಲ್ಲ. ನಮ್ಮ ಉದಾಹರಣೆಯ ಇಪ್ಪತ್ತನೆಯ ದಿನ ಅಂಥ ಮೋಟಾರು ಗಾಳಿಯನ್ನು ಎಳೆಯುತ್ತಾ ಗಂಟೆಗಟ್ಟಲೆ ಓಡಿ ತನ್ನ ಸೀಲನ್ನು ಸುಟ್ಟುಕೊಳ್ಳುತ್ತದೆ. ಹೌದದಿಂದಲೂ ಒಂದು ತೆಳುಬಾಣ ಮೋಟಾರಿಗೆ ಬೇಕೆಂಬುದು ಚಿತ್ರ ಬರೆದವರಿಗೆ ಆ ದಿನಕ್ಕೆ ಮೊದಲೇ ಕಾಣುತ್ತದೆ.

ತೇಲುವ ಸ್ವಿಚ್ಚಿಲ್ಲದ ಮನೆಗಳಲ್ಲಿ ಸುದ್ದಿ ಬೇರೆ ದಾರಿಯಿಂದ ಬರುತ್ತದೆ. ಟಾಕಿ ತುಂಬಿ ಹೊರಚೆಲ್ಲುವ ಕೊಳವೆಯ ಸದ್ದು, ಇಲ್ಲವೆ ಎದುರು ಮನೆಯವರ 'ಟಾಕಿ ತುಂಬೇತ್ರೀ, ಮೋಟಾರ ಬಂದ್ ಮಾಡ್ರೀ' ಎಂಬ ಕೂಗು. ಇದೂ ಅಪ್ಪಟ ಹಿಮ್ಮಾಹಿತಿಯೇ, ಆದರೆ ವಿಳಂಬವುಳ್ಳದ್ದು. ಕೂಗು ಕೇಳಿ, ಕೈ ಒರೆಸಿಕೊಂಡು, ಸ್ವಿಚ್ಚಿನ ಬಳಿ ಬರುವಷ್ಟರಲ್ಲಿ ನಾಲ್ಕು ನಿಮಿಷವಾದರೆ 100 ಲೀಟರ್ ಬೀದಿಯ ಪಾಲು. ಬಳಕೆಯ ಕಡೆಯ ಹಿಮ್ಮಾಹಿತಿ ಇದಕ್ಕಿಂತ ದುರ್ಬಲ. ಹಿಂದೆ ಹಂಡೆ, ಕೊಡಗಳಲ್ಲಿ ನೀರಿಟ್ಟಾಗ ತಳ ಕಾಣುತ್ತಿದ್ದಂತೆ ಕೈ ತಾನಾಗಿ ಬಿಗಿಯಾಗುತ್ತಿತ್ತು. ಮಾಳಿಗೆಯ ಮೇಲಿನ ಕಪ್ಪು ಟಾಕಿಯ ಮಟ್ಟ ಕೆಳಗೆ ನಿಂತವರಿಗೆ ಕಾಣದು. ಕೊನೆಯ ಬಿಂದಿಗೆಯವರೆಗೂ ನಳದ ಧಾರೆ ಹೆಚ್ಚೂ ಕಡಿಮೆ ಒಂದೇ ರೀತಿ ಬೀಳುತ್ತದೆ. ತೆಳುಬಾಣ ಕಡಿದುಹೋದದ್ದರಿಂದ ಬಳಕೆಗೆ ಸಂಗ್ರಹದ ಅರಿವೇ ಇರುವುದಿಲ್ಲ.

ಹಿಮ್ಮಾಹಿತಿ ಇದ್ದರೆ ಎಲ್ಲವೂ ಸರಿಯೆಂದೂ ತಿಳಿಯಬಾರದು. ದಿನವಿಡೀ ನಳ ಬರುವ ಊರಿನಲ್ಲಿ ಇದೇ ಫ್ಲಶ್ಶು ಸೋರಿದರೆ ಏನಾಗುತ್ತದೆ? ಮಟ್ಟ ಕೂದಲೆಳೆಯಷ್ಟು ಇಳಿದೊಡನೆ ಚೆಂಡಿನ ಕವಾಟ ತೆರೆದು ಅಷ್ಟನ್ನೂ ತುಂಬಿಬಿಡುತ್ತದೆ. ತೊಟ್ಟಿ ವರ್ಷವಿಡೀ ತುಂಬಿಯೇ ಇರುತ್ತದೆ. ಅಲ್ಲಿ ಸೋರಿಕೆ ಸಂಗ್ರಹದಲ್ಲಿ ಕಾಣುವುದಿಲ್ಲ, ಹರಿವಿನಲ್ಲಿ, ಅಂದರೆ ನೀರಿನ ಮೀಟರಿನಲ್ಲಿ ಮಾತ್ರ ಕಾಣುತ್ತದೆ. ಒಳ್ಳೆಯ ಸಮತೋಲಕವೊಂದು ದೋಷವನ್ನು ಮುಚ್ಚಿಡುವುದು ಹೀಗೆ. ಸೊಲ್ಲಾಪುರದ ಮನೆಗೆ ಇಪ್ಪತ್ತು ದಿನಗಳಲ್ಲಾದರೂ ತಿಳಿಯಿತು.

ಸಮತೋಲಕಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ಹಿಮ್ಮಾಹಿತಿಯಿದೆ. ಬದಲಾವಣೆಯನ್ನು ತಗ್ಗಿಸುವ ಬದಲು ಅದನ್ನೇ ಬೆಳೆಸುವುದರಿಂದ ಅದನ್ನು ವರ್ಧಕ ಎನ್ನಬಹುದು. ಒಂದು ಮನೆಯ ಚಿತ್ರದಲ್ಲಿ ಅದು ಸಿಗುವುದಿಲ್ಲ. ಓಣಿಯ ಚಿತ್ರ ಬರೆದಾಗ ಸಿಗುತ್ತದೆ. ನೀರು ಸರಿಯಾಗಿ ಬರುವುದಿಲ್ಲವೆಂಬ ಅಂಜಿಕೆಯಿಂದ ಒಂದು ಮನೆ ದೊಡ್ಡ ಹೌದ ಕಟ್ಟಿಸುತ್ತದೆ, ಇದ್ದಬದ್ದ ಪೀಪಾಯಿಗಳನ್ನೆಲ್ಲ ತುಂಬುತ್ತದೆ. ಆಗ ಓಣಿಯ ಕೊನೆಯ ಮನೆಗಳಲ್ಲಿ ಒತ್ತಡ ಕುಸಿಯುತ್ತದೆ. ಆ ಮನೆಗಳು ನಳದ ಕೊಳವೆಗೇ ಮೋಟಾರು ಹಚ್ಚಿ ಎಳೆಯುತ್ತವೆ. ಉಳಿದವರಿಗೆ ಧಾರೆ ಮತ್ತಷ್ಟು ಸಣ್ಣದಾಗುತ್ತದೆ, ಅವರ ಅಂಜಿಕೆ ಹೆಚ್ಚುತ್ತದೆ, ಅವರೂ ಮೋಟಾರು ತರುತ್ತಾರೆ. ಪ್ರತಿ ಮನೆಯೂ ತನ್ನ ಚೌಕದ ಮಟ್ಟಿಗೆ ಸರಿಯಾದುದನ್ನೇ ಮಾಡಿದೆ. ಅಭಾವವಂತೂ ಸುತ್ತು ಸುತ್ತಿಗೂ ಬೆಳೆದಿದೆ. ಮನೆಯ ಚಿತ್ರದಲ್ಲಿ ಇದೆಲ್ಲವೂ ಎಡಗಡೆಯ ಮೋಡದೊಳಗೆ ಅಡಗಿತ್ತು.

ಮೋಡವೆಂದರೆ ಅಕ್ಷಯಪಾತ್ರೆಯಲ್ಲ, ಚಿತ್ರದ ಗಡಿ ಮಾತ್ರ. ಗಡಿಯನ್ನು ಹಿಂದಕ್ಕೆ ಸರಿಸುತ್ತಾ ಹೋದರೆ ಸೊಲ್ಲಾಪುರದ ಆ ಮೋಡದ ಜಾಗದಲ್ಲಿ ಮತ್ತೊಂದು ಚೌಕ ಮೂಡುತ್ತದೆ: ಭೀಮಾ ನದಿಗೆ ಕಟ್ಟಿದ ಉಜನಿ ಜಲಾಶಯ. ಅದರ ಲೆಕ್ಕದಲ್ಲಿ ಮನೆಯ ಹೌದವನ್ನು ನೆನಪಿಸುವ ವಿಚಿತ್ರವೊಂದಿದೆ. ಬೇಸಿಗೆಯಲ್ಲಿ ಆ ಜಲಾಶಯದ ಸಂಗ್ರಹವನ್ನು ಶೂನ್ಯಕ್ಕಿಂತ ಕೆಳಗೆ, ಋಣ ಶೇಕಡಾದಲ್ಲಿ ವರದಿ ಮಾಡುತ್ತಾರೆ. ಸಂಗ್ರಹವು ಋಣವಾಗುವುದು ಸಾಧ್ಯವೇ ಎಂದು ಓದುಗ ಬೆರಗಾಗಬಹುದು. ಅಲ್ಲಿ ಶೂನ್ಯವೆಂದರೆ ಬರಿದಾದ ತಳವಲ್ಲ. ಮಾಮೂಲು ಬಳಕೆಗೆ ಮೀಸಲಾದ ನೀರು ಮುಗಿಯುವ ಮಟ್ಟ. ಅದರ ಕೆಳಗೆ ಮೃತ ಸಂಗ್ರಹವೆಂಬ ದೊಡ್ಡ ಪ್ರಮಾಣ ಉಳಿದಿರುತ್ತದೆ, ಅದರಿಂದಲೂ ನೀರೆತ್ತಬೇಕಾದ ದಿನಗಳು ಬರುತ್ತವೆ. ಮನೆಯ ಹೌದದಲ್ಲಿಯೂ ಮೋಟಾರಿನ ಕೊಳವೆಯ ಬಾಯಿಗಿಂತ ಕೆಳಗಿನ ನೀರು ಹಾಗೆಯೇ. ಅದು ಇದೆ, ಆದರೆ ಟಾಕಿಗೆ ಏರದು. ಬಗ್ಗಿ ಬಿಂದಿಗೆಯಲ್ಲಿ ಮೊಗೆಯಬೇಕು. ಹೌದದ ತಳ ಎರಡು ಚದರ ಮೀಟರ್ ಇದ್ದು ಕೊಳವೆಯ ಬಾಯಿ 10 ಸೆಂಟಿಮೀಟರ್ ಮೇಲಿದ್ದರೆ ಹೀಗೆ ಉಳಿಯುವ ನೀರು 200 ಲೀಟರ್. ಮೇಲಿನ ಲೆಕ್ಕದಲ್ಲಿ ಅದನ್ನು ಕಳೆದಿದ್ದರೆ ನಾಲ್ಕನೆಯ ಸರದಿಯ ಕೊನೆಯ 48 ಲೀಟರ್ ಕೈಗೆಟಕುತ್ತಿರಲಿಲ್ಲ. ಮನೆಯ ನಳಗಳು ಇಪ್ಪತ್ತನೆಯ ದಿನದ ಬದಲು ಹದಿನಾರನೆಯ ದಿನವೇ ಒಣಗುತ್ತಿದ್ದವು.